ಬೋನಸ್ ಗೆರೆಯಾಚೆ ಇಟ್ಟ ಕಾಲು

ಛಲ ಬಿಡದ ತ್ರಿವಿಕ್ರಮನಿಗೆ ನಮ್ಮ ಕಡೆ ನಿವೃತ್ತಿ ಅನ್ನುವುದೇ ಇಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹಲವು ಸಲ ಢುಮ್ಕಿ ಹೊಡೆದು ಕೊನೆಗೂ ಪಾಸಾದ ಹುಡುಗನೂ ಅವನೇ, ಬತ್ತಿದ ಬೋರಿನ ಪಕ್ಕದಲ್ಲೇ ಇನ್ನೊಂದು ಕೊರೆಸಿ ದಾಳಿಂಬೆ ಬೆಳೆದ ರೈತನೂ ಅವನೇ, ಠೇವಣಿ ಕಳೆದುಕೊಂಡರೂ ಪ್ರತಿ ಚುನಾವಣೆಗೂ ನಿಲ್ಲುವ ಅಭ್ಯರ್ಥಿಯೂ ಅವನೇ. ಇನ್ನು ಗಾಯಗೊಂಡ ಆಟಗಾರ ವಾಪಸು ಮೈದಾನಕ್ಕೆ ಬಂದರಂತೂ ತ್ರಿವಿಕ್ರಮ ಒಬ್ಬನೇ ಬರುವುದಿಲ್ಲ, ಜೊತೆಗೆ ಫೀನಿಕ್ಸ್ ಹಕ್ಕಿಯನ್ನೂ ಕರೆತರುತ್ತಾನೆ. ಮೈದನಹಳ್ಳಿ ಕಾವಲಿನಲ್ಲಿ ಕೃಷ್ಣಮೃಗ ನೋಡಿದ್ದೇನೆ, ಶಿರಾ ಪಕ್ಕದ ಕಗ್ಗಲಡುವಿನಲ್ಲಿ ಹುಣಸೇಮರ ತುಂಬ ಬಣ್ಣದ ಕೊಕ್ಕರೆ ನೋಡಿದ್ದೇನೆ. ಫೀನಿಕ್ಸ್ ಮಾತ್ರ ಪತ್ರಿಕೆಯ ಕ್ರೀಡಾಪುಟ ಬಿಟ್ಟು ಹೊರಗೆ ಎಲ್ಲೂ ಕಣ್ಣಿಗೆ ಬಿದ್ದಿಲ್ಲ.

ಇಷ್ಟೆಲ್ಲ ನೆನಪಾಗಲು ಕಾರಣ ನನ್ನ ಹಳೆಯ ಸ್ನೇಹಿತ. ಮಧುಗಿರಿಯಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸುವ ಬಳಗಕ್ಕೆ ಅವನು ಖಜಾಂಚಿ, ಸ್ಮರಣ ಸಂಚಿಕೆಗೆ ಸಂಪಾದಕ, ಜಾಹೀರಾತು ವಸೂಲಿಗೂ ಅವನೇ. ಜಿಲ್ಲಾ ಪತ್ರಿಕೆಗೆ ಅಷ್ಟು ವರ್ಷ ಸುದ್ದಿ ಬರೆದು ಈಗ ಮನೆಯಲ್ಲಿ ಕೂತಿರುವ ನಾನು ಅವನ ಪಾಲಿಗೆ ಪುಕ್ಕಟೆ ಲೇಖಕ. ಪಾವಗಡ ಕಡೆಯ ಒಬ್ಬ ಹುಡುಗಿ, ಕಾಲೇಜು ತಂಡದ ರೈಡರ್, ಮಂಡಿಗೆ ಪೆಟ್ಟಾಗಿ ಆಪರೇಷನ್ ಆಗಿ ಮತ್ತೆ ಆಡಿದ್ದಾಳೆ, ಅವಳ ಮೇಲೊಂದು ಪುಟ ಬರೆದುಕೊಡು ಅಂದ. ಶೀರ್ಷಿಕೆಯ ಚಿಂತೆ ನನಗೆ ಬೇಡವಂತೆ, ಅದು ಆಗಲೇ ತಯಾರಾಗಿತ್ತು: ‘ಮುರಿದ ಕಾಲು, ಮುರಿಯದ ಮನಸು’.

“ಕಾಲು ಮುರಿದಿಲ್ಲವಲ್ಲೋ. ಲಿಗಮೆಂಟ್ ಹರಿದಿದ್ದು.”

“‘ಲಿಗಮೆಂಟ್ ಹರಿದ ಕಾಲು, ಲಿಗಮೆಂಟ್ ಹರಿಯದ ಮನಸು’ ಅಂತ ಹಾಕಕ್ಕಾಗುತ್ತೇನಯ್ಯ?”

ವಾದದಲ್ಲಿ ಅವನೇ ಗೆದ್ದ. ಬರಹದಲ್ಲಿ ಗೆಲ್ಲೋಣ ಎಂದುಕೊಂಡು ನಾನು ಪಾವಗಡದ ಬಸ್ಸು ಹತ್ತಿದೆ.

ಮಿಡಿಗೇಶಿ ದಾಟುವ ಹೊತ್ತಿಗೆ ಒಂದು ಹಳೆಯ ಲೆಕ್ಕ ತಲೆಯಲ್ಲಿ ಓಡತೊಡಗಿತ್ತು. ಇಂಥ ಬರಹದ ಯಾವುದೇ ವಾಕ್ಯವನ್ನು ಎತ್ತಿ ಇನ್ನೊಬ್ಬರ ಫೋಟೊ ಕೆಳಗೆ ಇಟ್ಟು ನೋಡಬೇಕು. ‘ಕಷ್ಟಗಳಿಗೆ ಕುಗ್ಗದೆ, ಜಗ್ಗದೆ ಮುನ್ನುಗ್ಗಿದರು’ ಅನ್ನುವುದನ್ನು ಆ ದಾಳಿಂಬೆ ರೈತರ ಫೋಟೊ ಕೆಳಗೆ ಇಟ್ಟರೂ ಹೊಂದುತ್ತದೆ, ಸಹಕಾರ ಸಂಘದ ಅಧ್ಯಕ್ಷರ ಕೆಳಗಿಟ್ಟರೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಹಾಗೆ ಹೊಂದಿದರೆ ಆ ವಾಕ್ಯ ಈ ಹುಡುಗಿಯದಲ್ಲ, ಹೊಡೆದು ಹಾಕಬೇಕು. ಈ ಪರೀಕ್ಷೆ ಬಲು ಕ್ರೂರ. ನಾನು ನೋಡಿರುವ ಎಷ್ಟೋ ಪುಟಗಳಲ್ಲಿ ಈ ಲೆಕ್ಕಕ್ಕೆ ಉಳಿಯುವುದು ಊರಿನ ಹೆಸರು ಮತ್ತು ವಯಸ್ಸು ಮಾತ್ರ.

‘ಅಲ್ಲಿಂದ ಆಕೆ ಹಿಂತಿರುಗಿ ನೋಡಲೇ ಇಲ್ಲ’ ಎಂಬ ಇನ್ನೊಂದು ಮಾತಿದೆ. ಅದನ್ನು ಓಟಗಾರರ ಬಗ್ಗೆ ಬರೆದರೆ ನಾನು ತಕರಾರು ಮಾಡುವುದಿಲ್ಲ. ಕಬಡ್ಡಿಯಲ್ಲಿ ಹಿಂತಿರುಗಿ ನೋಡದ ರೈಡರ್ ನಡುಗೆರೆ ಮುಟ್ಟುವುದೇ ಇಲ್ಲ. ಹಿಂದಿನಿಂದ ಕಾರ್ನರ್ ಬಂದು ಕಾಲು ಹಿಡಿದಿರುತ್ತಾಳೆ.

ಹುಡುಗಿ ಮನೆಯಲ್ಲೇ ಇದ್ದಳು. ಹೆಸರು ಇಲ್ಲಿ ಬೇಡ. ಸಂಚಿಕೆಯಲ್ಲಿ ಬಂದಿದೆ, ಅಷ್ಟು ಪ್ರಚಾರ ಅವಳಿಗೆ ಸಾಕಂತೆ. ನಾನು ನೋಟ್‌ಬುಕ್ ತೆಗೆದದ್ದೇ ತಡ, ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ಶುರು ಮಾಡಿದಳು: “ತುಂಬ ಕಷ್ಟ ಪಟ್ಟೆ ಸಾರ್. ಆದ್ರೂ ಛಲ ಬಿಡಲಿಲ್ಲ. ಕೋಚ್ ಸಪೋರ್ಟ್ ಇತ್ತು, ಪೇರೆಂಟ್ಸ್ ಸಪೋರ್ಟ್ ಇತ್ತು, ಫ್ರೆಂಡ್ಸ್ ಸಪೋರ್ಟ್ ಇತ್ತು.” ತ್ರಿವಿಕ್ರಮನನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದೆನೆಂದುಕೊಂಡರೆ ಅವನು ನನಗಿಂತ ಮುಂಚೆ ಬಂದು ಚಾಪೆಯ ಮೇಲೆ ಕೂತಿದ್ದ. ಇದರಲ್ಲಿ ಅವಳ ತಪ್ಪೇನೂ ಇಲ್ಲ. ನಾವು ಪತ್ರಿಕೆಯವರು ಆಟಗಾರರ ಬಾಯಿಗೆ ಇಷ್ಟು ವರ್ಷ ಹಾಕಿದ ಮಾತುಗಳನ್ನು ಅವರು ಓದಿ ಕಲಿತು ನಮಗೇ ಒಪ್ಪಿಸುತ್ತಾರೆ.

‘ಆಗ ನಿನಗೆ ಹೇಗನ್ನಿಸಿತಮ್ಮ’ ಎಂಬ ಪ್ರಶ್ನೆ ಇರುವ ತನಕ ಈ ವ್ಯವಹಾರ ನಿಲ್ಲುವುದಿಲ್ಲ. ಹೇಗನ್ನಿಸಿತು ಅಂದರೆ ಬೇಜಾರಾಯಿತು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆದ್ದರಿಂದ ಎದ್ದು ನಿಂತು, “ಯಾವ ಕಾಲು ಎಲ್ಲಿತ್ತು ತೋರ್ಸು” ಅಂದೆ.

ಅವಳೂ ಎದ್ದಳು. ರೇಷ್ಮೆ ಹುಳದ ಚಂದ್ರಿಕೆ ಒರಗಿಸಿದ್ದ ಗೋಡೆಯ ಪಕ್ಕ ಇದ್ದ ಜಾಗದಲ್ಲಿ ಚಪ್ಪಲಿ ಇಟ್ಟು ಗೆರೆ ಮಾಡಿದಳು. ಹೆಂಗಸರ ಅಂಕಣದಲ್ಲಿ ನಡುಗೆರೆಯಿಂದ ಮೂರು ಮೀಟರಿಗೆ ಬಾಕ್ ಲೈನ್, ಅದರಿಂದ ಇನ್ನೊಂದು ಮೀಟರಿಗೆ ಬೋನಸ್ ಗೆರೆ. ಎದುರು ಕನಿಷ್ಠ ಆರು ಜನ ಇದ್ದಾಗ ಬೋನಸ್ ಗೆರೆ ದಾಟಿ ಒಂದು ಕಾಲಿಟ್ಟರೆ, ಆಗ ಇನ್ನೊಂದು ಕಾಲು ನೆಲ ಬಿಟ್ಟಿದ್ದರೆ ಒಂದು ಅಂಕ. ಅಂದರೆ ಆ ಒಂದು ಕ್ಷಣ ಆಟಗಾರ್ತಿಯ ಪೂರ್ತಿ ಭಾರ ಒಂಟಿಕಾಲಿನ ಮೇಲೆ ಇರುತ್ತದೆ, ಅದೂ ಎದುರಾಳಿಗಳ ಮಧ್ಯೆ. ಆಮೇಲೆ ಬಂದ ದಿಕ್ಕಿಗೇ ತಿರುಗಿ ಓಡಬೇಕು.

“ಲೆಫ್ಟ್ ಕಾಲು ಆಚೆ ಇಟ್ಟೆ ಸಾರ್. ಬೋನಸ್ ಆಯ್ತು. ಕಾರ್ನರ್ ಬಂದ್ಲು ಅಂತ ತಿರುಗ್ದೆ. ಮೈ ತಿರುಗ್ತು, ಕಾಲು ತಿರುಗ್ಲಿಲ್ಲ.”

“ಅವಳು ಹಿಡಿದಿದ್ದಳಾ?”

“ಮುಟ್ಟೇ ಇಲ್ಲ.”

ಬಾಗಿಲಲ್ಲಿ ನಿಂತಿದ್ದ ತಾಯಿ ತೆಲುಗಿನಲ್ಲಿ ಸೇರಿಸಿದರು: “ಮೋಕಾಲು ಟಪ್ಪಂದಂಟ.” ಮಂಡಿ ಟಪ್ ಅಂದಿತಂತೆ. ಪಕ್ಕದವಳಿಗೂ ಕೇಳಿಸಿತ್ತಂತೆ.

ಈ ನಾಲ್ಕು ಮಾತು ಸಿಕ್ಕ ಮೇಲೆ ನನಗೆ ಜೀವ ಬಂತು. ಮಂಡಿಯೊಳಗೆ ತೊಡೆಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಓರೆಯಾಗಿ ಹಿಡಿದಿರುವ ಒಂದು ಹುರಿ ಇದೆ, ಆಟದವರೆಲ್ಲ ಎ.ಸಿ.ಎಲ್. ಅನ್ನುವುದು ಅದನ್ನೇ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮೈ ತಿರುಗಿದಾಗ ಮಂಡಿ ತಿರುಚದಂತೆ ತಡೆಯುವುದು ಅದರ ಕೆಲಸ. ಅದು ಹರಿಯಲು ಯಾರೂ ಬಂದು ಗುದ್ದಬೇಕಾಗಿಲ್ಲ. ಪಾದ ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಸಾಕು, ಎಷ್ಟೋ ಸಲ ಯಾರ ಸ್ಪರ್ಶವೂ ಇಲ್ಲದೆ ಹರಿಯುತ್ತದೆ. ಇಂಥ ಆಟಗಳಲ್ಲಿ ಇದು ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಹೆಚ್ಚು. ಮಣ್ಣಿನ ಅಂಕಣದಲ್ಲಿ ಬರಿಗಾಲು ಒಂದಿಷ್ಟು ಜಾರುತ್ತಿತ್ತು, ಮ್ಯಾಟಿನ ಮೇಲೆ ಶೂ ಜಾರುವುದಿಲ್ಲ ಎಂದು ಅವಳ ಪಿ.ಟಿ. ಮೇಷ್ಟ್ರು ಆಮೇಲೆ ಹೇಳಿದರು. ಸ್ಮರಣ ಸಂಚಿಕೆಯ ಭಾಷೆಯಲ್ಲಿ ಇಷ್ಟೂ ಕಥೆ ‘ವಿಧಿಯ ಕ್ರೂರ ಹೊಡೆತ’ ಆಗುತ್ತದೆ. ವಿಧಿಗೆ ಮ್ಯಾಟು, ಶೂ, ಬೋನಸ್ ಗೆರೆ ಯಾವುದೂ ಬೇಕಾಗಿಲ್ಲ, ಅದೇ ಅದರ ಅನುಕೂಲ.

ಆಮೇಲೆ ಏನಾಯಿತೆಂಬುದು ನಮ್ಮ ಕಡೆಯ ಎಲ್ಲ ಮಂಡಿಗಳಿಗೂ ಆಗುವಂಥದ್ದೇ. ಸಂಜೆಯೊಳಗೆ ಮಂಡಿ ಊದಿ ಕುಂಬಳಕಾಯಿಯಾಯಿತು. ಮಾರನೆಯ ದಿನ ಎಕ್ಸ್‌ರೇ ತೆಗೆಸಿದರು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಹುರಿ ಕಾಣುವುದಿಲ್ಲ. ಮೂಳೆ ಸರಿಯಾಗಿದೆ ಎಂದು ಡಾಕ್ಟರು ಹೇಳಿದ್ದು ನಿಜವೇ, ಮನೆಯವರು ಕಾಲು ಸರಿಯಾಗಿದೆ ಎಂದು ಕೇಳಿಸಿಕೊಂಡರು. ಪುತ್ತೂರು ಕಟ್ಟು ಕಟ್ಟಿಸಿದರು. ಊತ ಇಳಿಯಿತು, ನಡಿಗೆ ಬಂತು. ನೆಟ್ಟಗೆ ನಡೆಯಲು ಈ ಹುರಿಯ ಕೆಲಸ ಅಷ್ಟಾಗಿ ಇಲ್ಲ, ಅದೇ ಮೋಸ. ಒಂದು ದಿನ ಮಧುಗಿರಿಯಲ್ಲಿ ಬಸ್ಸಿನಿಂದ ಇಳಿಯುತ್ತ ಯಾರೋ ಕರೆದರೆಂದು ಪಕ್ಕಕ್ಕೆ ತಿರುಗಿದಳು, ಮಂಡಿ ಒಳಗೊಳಗೇ ಜಾರಿ ಕುಸಿದು ಕೂತಳು. ಆಗ ಕೊರಟಗೆರೆ ಮೇಲೆ ತುಮಕೂರಿಗೆ ಹೋಗಿ ಎಂ.ಆರ್.ಐ. ಮಾಡಿಸಿದ್ದು. ಅಷ್ಟರಲ್ಲಿ ತಿಂಗಳುಗಳು ಕಳೆದಿದ್ದವು.

“ಟಪ್ ಅಂದಿದ್ದು, ಸಂಜೆಯೊಳಗೆ ಊದಿದ್ದು, ತಿರುಗುವಾಗ ಜಾರೋದು, ಈ ಮೂರು ಮಾತು ಕೇಳಿದ್ರೆ ಸ್ಕ್ಯಾನಿಗೆ ಮುಂಚೆನೇ ನಮಗೆ ಅನುಮಾನ ಬರುತ್ತೆ” ಎಂದರು ಅವಳಿಗೆ ವ್ಯಾಯಾಮ ಮಾಡಿಸಿದ ಫಿಸಿಯೋಥೆರಪಿಸ್ಟ್. ಈ ಒಂದು ವಾಕ್ಯ ನನ್ನ ಪುಟದಲ್ಲಿ ಇರಲೇಬೇಕೆಂದು ಗೆರೆ ಹಾಕಿಕೊಂಡೆ. ಪಂದ್ಯಾವಳಿಗೆ ಬರುವ ಐವತ್ತು ಹುಡುಗಿಯರ ತಾಯಂದಿರಲ್ಲಿ ಒಬ್ಬರಿಗಾದರೂ ಅದು ಫೀನಿಕ್ಸಿಗಿಂತ ಉಪಯೋಗಕ್ಕೆ ಬಂದೀತು.

ಆಪರೇಷನ್ನಿನಲ್ಲಿ ಅವಳದೇ ತೊಡೆಯ ಹಿಂದಿನ ಸ್ನಾಯುವಿನ ಎಳೆಗಳನ್ನು ತೆಗೆದು, ಮಡಿಸಿ, ಮೂಳೆಗಳಲ್ಲಿ ರಂಧ್ರ ಕೊರೆದು, ಹರಿದ ಹುರಿಯ ಜಾಗದಲ್ಲಿ ಪೋಣಿಸಿ ಬಿಗಿದರು. ಲೇಖಕರು ಸಾಮಾನ್ಯವಾಗಿ ಇಲ್ಲಿಂದ ನೇರ ಪಂದ್ಯದ ದಿನಕ್ಕೆ ಹಾರುತ್ತಾರೆ, ಮಧ್ಯೆ ‘ಸತತ ಪರಿಶ್ರಮದಿಂದ’ ಎಂಬ ಸೇತುವೆ ಕಟ್ಟಿ. ನನಗೆ ಆ ಸೇತುವೆಯ ಕೆಳಗೆ ಇಳಿದು ನೋಡುವ ಆಸೆ.

ಕೆಳಗೆ ಮೊದಲು ಸಿಕ್ಕಿದ್ದು ಒಂದು ದಿಂಬು. ಮಗಳಿಗೆ ನೋವಾಗಬಾರದೆಂದು ತಾಯಿ ರಾತ್ರಿ ಹೊತ್ತು ಮಂಡಿಯ ಕೆಳಗೆ ದಿಂಬು ಇಡುತ್ತಿದ್ದರು. ಮಂಡಿ ಸ್ವಲ್ಪ ಮಡಿಸಿದ್ದರೆ ಹಾಯೆನಿಸುತ್ತದೆ, ಮಗಳು ನಿದ್ದೆ ಮಾಡುತ್ತಿದ್ದಳು. ಆದರೆ ಈ ಆಪರೇಷನ್ನಿನ ಮೇಲೆ ಮೊದಲ ವಾರಗಳಲ್ಲಿ ಸಾಧಿಸಬೇಕಾದ್ದು ಕಾಲನ್ನು ಪೂರ್ತಿ ನೆಟ್ಟಗೆ ಮಾಡುವುದು. ನೆಟ್ಟಗಾಗದ ಮಂಡಿ ಹಾಗೇ ಬಿಗಿದುಕೊಂಡರೆ ಕುಂಟು ಉಳಿದುಬಿಡುತ್ತದೆ, ತೊಡೆಯ ಮುಂದಿನ ಸ್ನಾಯು ಕೆಲಸವನ್ನೇ ಮರೆಯುತ್ತದೆ. ಸುತ್ತಿದ ಟವಲನ್ನು ಇಡಬೇಕಾದ್ದು ಹಿಮ್ಮಡಿಯ ಕೆಳಗೆ, ಮಂಡಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯುವಂತೆ. ಅದು ನೋಯುತ್ತದೆ. ಫಿಸಿಯೋ ಹೇಳಿದ ಮೇಲೆ ಮಗಳು ಟವಲನ್ನು ಹಿಮ್ಮಡಿಗೆ ಇಟ್ಟುಕೊಂಡು ಮಲಗುವುದು, ಅವಳು ನರಳಿದಳೆಂದು ನಡುರಾತ್ರಿ ತಾಯಿ ಎದ್ದು ದಿಂಬನ್ನು ಮಂಡಿಗೆ ಇಡುವುದು, ಬೆಳಗ್ಗೆ ಇಬ್ಬರಿಗೂ ಜಗಳ. ‘ತಾಯಿಯ ತ್ಯಾಗ’ ಎಂಬ ಉಪಶೀರ್ಷಿಕೆಯ ಕೆಳಗೆ ಬರೆಯುವಂಥದ್ದಲ್ಲ ಇದು. ಪ್ರೀತಿ ತಪ್ಪು ಜಾಗದಲ್ಲಿ ದಿಂಬು ಇಡುತ್ತಿತ್ತು, ಅಷ್ಟೇ.

ಇನ್ನೊಂದು ವಿಷಯ ಹೇಳಲು ಹುಡುಗಿ ನಾಚಿದಳು, ಅಪ್ಪ ಹೇಳಿದರು. ಮನೆಯಲ್ಲಿದ್ದದ್ದು ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ಮಂಡಿ ಅಷ್ಟು ಮಡಿಸಲು ತಿಂಗಳುಗಟ್ಟಲೆ ಆಗುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಮಧ್ಯೆ ಗರಗಸದಿಂದ ಕೊರೆದು ತೂತು ಮಾಡಿದರು. ಅಂಚು ಚುಚ್ಚುತ್ತದೆಂದು ಸೈಕಲ್ ಟ್ಯೂಬು ಸೀಳಿ ಸುತ್ತ ಅಂಟಿಸಿದರು. ಆ ಕುರ್ಚಿ ಇನ್ನೂ ಹಿತ್ತಲಲ್ಲಿದೆ, ನೋಡಿದೆ. ಮುಖಪುಟಕ್ಕೆ ಆ ಕುರ್ಚಿಯ ಫೋಟೊ ಹಾಕಿದರೆ ಪದಕದ ಫೋಟೊಗಿಂತ ಹೆಚ್ಚು ಮಾತಾಡುತ್ತಿತ್ತು. ಸಂಪಾದಕನ ಮುಖ ನೆನಪಾಗಿ ಆಸೆ ಬಿಟ್ಟೆ.

ಇಡೀ ಕಥೆಯಲ್ಲಿ ಅಪಾಯದ ಕಾಲ ಯಾವುದು ಎಂದು ಫಿಸಿಯೋ ಅವರನ್ನು ಕೇಳಿದೆ. ಮೊದಲ ವಾರ ಅನ್ನುತ್ತಾರೆಂದುಕೊಂಡಿದ್ದೆ. ಅವರು ಹೇಳಿದ್ದು ಎರಡು-ಮೂರನೇ ತಿಂಗಳು. ಅಷ್ಟು ಹೊತ್ತಿಗೆ ನೋವು ಹೋಗಿರುತ್ತದೆ, ಊತ ಇಳಿದಿರುತ್ತದೆ, ಹುಡುಗಿ ಮೆಟ್ಟಿಲು ಹತ್ತುತ್ತಾಳೆ. ಆದರೆ ಒಳಗೆ ಪೋಣಿಸಿದ ಎಳೆ, ಕಿತ್ತು ನೆಟ್ಟ ಸಸಿ ಬೇರು ಹಿಡಿಯುವ ಮುಂಚೆ ಬಾಡುವ ಹಾಗೆ, ಹೊಸ ರಕ್ತನಾಳ ಬೆಳೆಯುವ ತನಕ ಇನ್ನಷ್ಟು ದುರ್ಬಲವಾಗುತ್ತದೆ. ಕಾಲು ಸರಿಯಾಯಿತು ಎಂದು ಅನ್ನಿಸುವ ಹೊತ್ತೂ ಒಳಗಿನ ಹುರಿ ಅತಿ ಬಡವಾಗಿರುವ ಹೊತ್ತೂ ಹೆಚ್ಚುಕಡಿಮೆ ಒಂದೇ. ಆ ತಿಂಗಳಲ್ಲೇ ಕಾಲೇಜಿನ ತಂಡದ ಆಯ್ಕೆ ಇತ್ತು. ಗೆಳತಿಯರು ಫೋನ್ ಮಾಡಿ ಬಾರೇ ಬಾರೇ ಅನ್ನುತ್ತಿದ್ದರು. ಅವಳು ಹೋಗಲಿಲ್ಲ. ಈ ಕಥೆಯಲ್ಲಿ ಛಲ ಎಂಬುದೇನಾದರೂ ಇದ್ದರೆ ಅದು ಆ ಸುಮ್ಮನಿದ್ದದ್ದು. ತ್ರಿವಿಕ್ರಮನಾಗಿದ್ದರೆ ಹೋಗಿಬಿಡುತ್ತಿದ್ದ, ಮತ್ತೆ ಹರಿದುಕೊಳ್ಳುತ್ತಿದ್ದ.

ಓಡಲು ಬಿಟ್ಟ ಮೇಲೂ ನೇರ ಓಟ ಮಾತ್ರ, ತಿರುವು ಇಲ್ಲ. ಪಾವಗಡದಲ್ಲಿ ನೇರ ರಸ್ತೆಗೆ ಬರವಿಲ್ಲ. ತಿರುಮಣಿ ಕಡೆ 2,050 ಮೆಗಾವಾಟಿನ ಸೋಲಾರ್ ಪಾರ್ಕ್, ಸುಮಾರು 13,000 ಎಕರೆ. ಕಡಲೆಕಾಯಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಫಲಕಗಳು ಸಾಲಾಗಿ ಸೂರ್ಯನಿಗೆ ಮುಖ ಮಾಡಿ ನಿಂತಿವೆ, ಸಾಲಿನ ಪಕ್ಕ ದಾರಿ ನೆಟ್ಟಗೆ ಹೋಗುತ್ತದೆ. ಬೆಳಗಿನ ಆರಕ್ಕೆ ಅಪ್ಪ ಬೈಕಿನಲ್ಲಿ ಹಿಂದೆ, ಮಗಳು ಮುಂದೆ. ರಸ್ತೆ ಮುಗಿದಾಗ ನಿಂತು, ನಡೆದು ತಿರುಗಿ, ಮತ್ತೆ ಓಡಬೇಕು. ಇದು ನನಗೆ ಬಹಳ ಇಷ್ಟವಾಯಿತು. ಓಡುತ್ತ ತಿರುಗುವಂತಿಲ್ಲ ಎಂಬ ಒಂದು ನಿಯಮದಲ್ಲಿ ಗಾಯದ ಅಷ್ಟೂ ಕಥೆ ಇದೆ.

ಸಂಚಿಕೆಗೆ ಕೊಟ್ಟ ಪುಟದಲ್ಲಿ ನಾನು ಅತಿ ಹೆಚ್ಚು ಜಾಗ ಕೊಟ್ಟದ್ದು ಒಂದು ಕುಪ್ಪಳಿಕೆಗೆ. ಒಂಟಿಕಾಲಲ್ಲಿ ನಿಂತು, ಅದೇ ಕಾಲಲ್ಲಿ ಮುಂದಕ್ಕೆ ಹಾರಿ, ಅದೇ ಕಾಲ ಮೇಲೆ ಅಲ್ಲಾಡದೆ ನಿಲ್ಲಬೇಕು. ನೆಲದ ಮೇಲೆ ಟೇಪು. ಆಪರೇಷನ್ ಆದ ಕಾಲು ಒಳ್ಳೆಯ ಕಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ಹಾರಬೇಕು, ಆಟಕ್ಕೆ ಬಿಡುವ ಮುಂಚೆ ನೋಡುವ ಹಲವು ಪರೀಕ್ಷೆಗಳಲ್ಲಿ ಇದೊಂದು. ಆರನೇ ತಿಂಗಳಲ್ಲಿ ಅವಳ ಎಡಗಾಲು ಹಾರಿದ್ದು 96 ಸೆಂಟಿಮೀಟರ್, ಬಲಗಾಲು 128. ನೂರಕ್ಕೆ ಎಪ್ಪತ್ತೈದು. ಎಂಟನೇ ತಿಂಗಳಲ್ಲಿ ಎಡ 118, ಬಲ 126. ನೂರಕ್ಕೆ ತೊಂಬತ್ತನಾಲ್ಕು! ಹುಡುಗಿ ಕುಣಿದಳು. ಫಿಸಿಯೋ ಕುಣಿಯಲಿಲ್ಲ. ಹಳೆಯ ಕಡತ ತೆಗೆದು ತೋರಿಸಿದರು. ಆಪರೇಷನ್ನಿಗೆ ಮುಂಚೆ ಇದೇ ಬಲಗಾಲು 140 ಹಾರಿತ್ತು. ಇಷ್ಟು ತಿಂಗಳು ಆಡದೆ ಒಳ್ಳೆಯ ಕಾಲೂ ಸೊರಗಿದೆ, ಆದ್ದರಿಂದ ಕೆಟ್ಟ ಕಾಲು ಚೆನ್ನಾಗಿ ಕಾಣುತ್ತಿದೆ. 140ಕ್ಕೆ ಹೋಲಿಸಿದರೆ 118 ಅಂದರೆ ಎಂಬತ್ತನಾಲ್ಕೇ. “ಇನ್ನೂ ಟೈಮಿದೆ ಹೋಗಮ್ಮ” ಅಂದರು.

ಹೀಗೆ ತಡೆಯುವುದು ಸುಮ್ಮನೆ ಅಲ್ಲ. ನಾರ್ವೆ ಮತ್ತು ಅಮೆರಿಕದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳ ತನಕ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತ ಹೋಯಿತೆಂದು ಕಂಡಿತ್ತು. ನೂರಕ್ಕೂ ಹೆಚ್ಚು ಜನರ ಮೇಲೆ ಎರಡು ವರ್ಷ ಗಮನ ಇಟ್ಟವರು ಕೊನೆಗೆ ಹೇಳಿದ್ದು ನಮ್ಮ ಅಜ್ಜಿಯರ ಮಾತೇ, ಆತುರ ಬೇಡ ಅಂತ. ಒಂದು ವ್ಯತ್ಯಾಸವೆಂದರೆ ಅಜ್ಜಿಯರು ಟೇಪು ಹಿಡಿದಿರಲಿಲ್ಲ. ಹುಡುಗಿಯ ಎಡಗಾಲು 130 ದಾಟಿದಾಗ ಹನ್ನೊಂದನೇ ತಿಂಗಳು.

ಅರ್ಧ ಬರೆದದ್ದನ್ನು ಸ್ನೇಹಿತನಿಗೆ ಓದಿ ಹೇಳಿದೆ. ಅವನು ಅಡಿಕೆ ಅಗಿಯುವುದನ್ನು ನಿಲ್ಲಿಸಿ ಕೇಳಿದ, ಅಷ್ಟು ಗೌರವ ಕೊಟ್ಟ. ಕೊನೆಗೆ, “ಎಲ್ಲಾ ಸರಿ, ಕುಂಬ್ಳೆ ಎಲ್ಲಿ?” ಅಂದ. ಕರ್ನಾಟಕದಲ್ಲಿ ಗಾಯದ ಬಗ್ಗೆ ಬರೆದು ಕುಂಬ್ಳೆಯನ್ನು ಬಿಡುವುದುಂಟೆ? ತಲೆಗೆ ಸುತ್ತಿದ ಬಿಳಿ ಬ್ಯಾಂಡೇಜು, ಮುರಿದ ದವಡೆ. ಅದು 2002ರ ಮೇ, ಆಂಟಿಗುವಾ ಟೆಸ್ಟು. ಮರ್ವಿನ್ ಡಿಲ್ಲನ್ ಎಸೆದ ಚೆಂಡು ದವಡೆಗೆ ಬಿತ್ತು. ಬ್ಯಾಂಡೇಜು ಸುತ್ತಿಕೊಂಡೇ ಬಂದು ಬಿಡುವಿಲ್ಲದೆ 14 ಓವರ್ ಎಸೆದರು, ಬ್ರಯಾನ್ ಲಾರಾ ಅವರನ್ನು ಎಲ್‌ಬಿಡಬ್ಲ್ಯು ಮಾಡಿದರು, ಆಪರೇಷನ್ನಿಗೆಂದು ಬೆಂಗಳೂರಿನ ವಿಮಾನ ಹತ್ತಿದರು.

“ಅದು ವಾಪಸು ಬಂದ ಕಥೆಯಲ್ಲ ಕಣೋ, ಹೋಗುವ ಮುಂಚಿನ ಕಥೆ” ಅಂದೆ. ಕುಂಬ್ಳೆಯವರು ನಿಜವಾಗಿ ವಾಪಸು ಬಂದದ್ದು ಅದಕ್ಕೂ ಹಿಂದೆ. ಬೌಲಿಂಗ್ ಮಾಡುವ ಬಲಭುಜವೇ ಕೆಟ್ಟು, ದಕ್ಷಿಣ ಆಫ್ರಿಕಾದಲ್ಲಿ ಆಪರೇಷನ್ ಆಯಿತು. 2001ರ ಮಾರ್ಚಿನಲ್ಲಿ ಆಸ್ಟ್ರೇಲಿಯಾ ಬಂದಾಗ ಅವರು ತಂಡದಲ್ಲಿರಲಿಲ್ಲ. ಲಕ್ಷ್ಮಣ್-ದ್ರಾವಿಡ್ ಕೋಲ್ಕತ್ತದಲ್ಲಿ ದಿನವಿಡೀ ಆಡಿದ ಆ ಸರಣಿ, ಹರಭಜನ್ ಮೂರೇ ಟೆಸ್ಟಿನಲ್ಲಿ 32 ವಿಕೆಟ್ ತೆಗೆದ ಸರಣಿ. ದೇಶವೆಲ್ಲ ಹೊಸ ಸ್ಪಿನ್ನರ್ ಸಿಕ್ಕಿದನೆಂದು ಕುಣಿಯುತ್ತಿದ್ದಾಗ ಹಳೆಯ ಸ್ಪಿನ್ನರ್ ಭುಜ ಎತ್ತುವುದನ್ನು ಮೊದಲಿಂದ ಕಲಿಯುತ್ತಿದ್ದರು. ಆ ತಿಂಗಳುಗಳ ಫೋಟೊ ಯಾರ ಗೋಡೆಯಲ್ಲೂ ಇಲ್ಲ. ವರ್ಷದ ಕೊನೆಗೆ ಮರಳಿ ಬಂದು, ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಇಂಗ್ಲೆಂಡ್ ವಿರುದ್ಧ 300ನೇ ವಿಕೆಟ್ ತೆಗೆದರು. 2008ರಲ್ಲಿ ನಿಲ್ಲಿಸಿದಾಗ ಲೆಕ್ಕ 619. ಅಂದರೆ ಅರ್ಧಕ್ಕಿಂತ ಹೆಚ್ಚು ವಿಕೆಟ್ ಬಂದದ್ದು ರಿಪೇರಿಯಾದ ಭುಜದಿಂದ. ಬ್ಯಾಂಡೇಜಿನ ದಿನದ ಧೈರ್ಯವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಕಣ್ಣಿಗೆ ಕಾಣುವ ಬಟ್ಟೆ ಇದ್ದರೆ ಬರೆಯುವುದು ಸುಲಭ, ಚರ್ಮದೊಳಗಿನ ಭುಜವನ್ನು ಬರೆಯಲು ಕೇಳಿ ತಿಳಿಯಬೇಕು.

“ಸರಿ, ಭುಜ ಬೇಡ, ಬ್ಯಾಂಡೇಜ್ ಹಾಕು” ಅಂದ ಸ್ನೇಹಿತ. ಹಾಕಲಿಲ್ಲ. ಓಲೆಯ ವಿಷಯಕ್ಕೂ ಹೀಗೇ ಆಯಿತು. ಆಪರೇಷನ್ನಿಗೆ ತಾಯಿ ಕಿವಿಯೋಲೆ ಅಡ ಇಟ್ಟರೆಂದು ಹಾಕಬೇಕೆಂದು ಅವನ ಹಟ. ತಾಯಿಯನ್ನು ಕೇಳಿದ್ದೆ. ಅವರು ಕಿವಿ ಮುಟ್ಟಿ ತೋರಿಸಿ, ಓಲೆ ಇಲ್ಲೇ ಇದೆಯಲ್ಲ, ಸಂಘದಲ್ಲಿ ಸಾಲ ತೆಗೆದದ್ದು, ವಾರ ವಾರ ಕಟ್ಟುತ್ತಿದ್ದೇವೆ, ಇನ್ನೂ ತೀರಿಲ್ಲ ಅಂದಿದ್ದರು. ಅಡ ಇಟ್ಟ ಓಲೆಗೆ ಕಣ್ಣೀರು ಬರುತ್ತದೆ, ವಾರದ ಕಂತಿಗೆ ಬರುವುದಿಲ್ಲ. ಆದರೆ ಕಂತು ಇನ್ನೂ ನಡೆಯುತ್ತಿದೆ ಅಂದಾಗ ಗಾಯ ಕೂಡ ಇನ್ನೂ ಮುಗಿದಿಲ್ಲವೆಂದು ಓದುವವರಿಗೆ ಗೊತ್ತಾಗುತ್ತದೆ. ಕಂತನ್ನೇ ಬರೆದೆ.

ಇನ್ನು ಉಳಿದದ್ದು ಅವಳು ಮರಳಿ ಆಡಿದ ಪಂದ್ಯ. ಶಿರಾದಲ್ಲಿ ನಡೆದದ್ದು, ನಾನು ನೋಡಿರಲಿಲ್ಲ. ಪಿ.ಟಿ. ಮೇಷ್ಟ್ರ ಮೊಬೈಲಿನಲ್ಲಿ ವಿಡಿಯೊ ಇತ್ತು. ದ್ವಿತೀಯಾರ್ಧದಲ್ಲಿ ಅವಳನ್ನು ಇಳಿಸುತ್ತಾರೆ. ಎಡಮಂಡಿಗೆ ಕಪ್ಪು ಪಟ್ಟಿ. ನಡುಗೆರೆ ಮುಟ್ಟಿ ಒಳಗೆ ಹೋಗುತ್ತಾಳೆ. ಬಾಕ್ ಲೈನ್ ದಾಟುತ್ತಾಳೆ, ಬೋನಸ್ ಗೆರೆಯ ತನಕ ಹೋಗುತ್ತಾಳೆ, ಹೆಜ್ಜೆ ಇಡುವುದಿಲ್ಲ. ಬಲಕ್ಕೆ ಸರಿದು, ಎಡಕ್ಕೆ ಸರಿದು, ಮೂವತ್ತು ಸೆಕೆಂಡು ಮುಗಿಯುವ ಮುಂಚೆ ವಾಪಸು ಬರುತ್ತಾಳೆ. ಖಾಲಿ ರೈಡ್. ಅಂಕ ಇಲ್ಲ. ಜನ ಕೂಗುವುದೂ ಇಲ್ಲ, ಖಾಲಿ ರೈಡಿಗೆ ಯಾರು ಕೂಗುತ್ತಾರೆ? ಎರಡನೇ ಸಲ ಹೋದಾಗ ಬೋನಸ್ ಗೆರೆಯಾಚೆ ಕಾಲಿಡುತ್ತಾಳೆ. ನಾನು ವಿಡಿಯೊ ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡಿದೆ. ಇಟ್ಟದ್ದು ಬಲಗಾಲು.

ಅವಳನ್ನು ಫೋನಿನಲ್ಲಿ ಕೇಳಿದೆ. “ಲೆಫ್ಟ್ ಇಡಲ್ಲ ಸಾರ್ ಈಗ. ಕಾಲು ಸರಿಯಾಗಿದೆ ಅಂತ ಗೊತ್ತು. ಗೊತ್ತಿದ್ರೂ ಇಡಲ್ಲ. ರೈಟ್ ಇಡ್ಬೇಕು ಅಂದ್ರೆ ಆ ಕಡೆಯಿಂದ ಹೋಗ್ಬೇಕು, ಅದು ಎಲ್ಲರಿಗೂ ಗೊತ್ತಾಗ್ಬಿಟ್ಟಿದೆ, ಕಾಯ್ತಾ ನಿಂತಿರ್ತಾರೆ.” ಮೊದಲು ಅವಳಿಗೆ ಎರಡು ಬಾಗಿಲಿದ್ದವು, ಈಗ ಒಂದು. ಹಾಗಾಗಿ ಅಂಕ ಕಡಿಮೆಯಾಗಿದೆ. ಮೇಷ್ಟ್ರು ಅವಳಿಗೆ ಕಾರ್ನರ್ ಆಡಿಸಿ ನೋಡುತ್ತಿದ್ದಾರೆ. ಇಷ್ಟನ್ನೂ ಬರೆದು, ‘ಮತ್ತೆ ಮೊದಲಿನಂತಾದಳು’ ಎಂಬ ವಾಕ್ಯ ಎಲ್ಲೂ ಇಲ್ಲವೆಂದು ನೋಡಿಕೊಂಡು ಕೊಟ್ಟೆ.

ಬರೆಯುವಾಗೆಲ್ಲ ಮನಸ್ಸಿನಲ್ಲಿ ಇನ್ನೊಬ್ಬ ಕೂತಿದ್ದ. ಬೆಟ್ಟದ ಬುಡದಲ್ಲಿ ನಾವು ಕಬಡ್ಡಿ ಆಡುತ್ತಿದ್ದ ಕಾಲದಲ್ಲಿ ನಮ್ಮ ತಂಡದ ಒಳ್ಳೆಯ ಆಟಗಾರ. ಇಪ್ಪತ್ತು ವರ್ಷಕ್ಕೇ ಮಂಡಿ ತಿರುಚಿಕೊಂಡ. ಅವನದೂ ಟಪ್ ಅಂದಿತ್ತು, ನನಗೇ ಕೇಳಿಸಿತ್ತು. ಕಟ್ಟು ಕಟ್ಟಿಸಿದ, ನಡೆದ, ಆಡಲು ಬಂದ, ಕುಸಿದ, ಮತ್ತೆ ಬರಲಿಲ್ಲ. ಆಗ ಎಂ.ಆರ್.ಐ. ಹೆಸರೂ ನಮಗೆ ತಿಳಿಯದು. ಅವನಿಗೆ ಛಲ ಇರಲಿಲ್ಲವೆಂದು ನಾವೆಲ್ಲ ಮಾತಾಡಿಕೊಂಡೆವು. ಈಗ ಕೊರಟಗೆರೆಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದಾನೆ. ಮೆಟ್ಟಿಲು ಇಳಿಯುವಾಗ ಈಗಲೂ ಪಕ್ಕಕ್ಕೆ ತಿರುಗಿ, ಗೋಡೆ ಹಿಡಿದು ಇಳಿಯುತ್ತಾನೆ. ಸಂಚಿಕೆ ಬಂದ ಮೇಲೆ ಒಂದು ಪ್ರತಿ ಅವನಿಗೆ ಕೊಟ್ಟುಬಂದೆ. ಗಲ್ಲಾಪೆಟ್ಟಿಗೆ ಮೇಲಿಟ್ಟುಕೊಂಡು ನಿಧಾನವಾಗಿ ಓದಿ, “ಹುರೀನಾ? ನಾವು ನರ ಅಂದ್ಕೊಂಡಿದ್ವಿ” ಅಂದ. ಆಮೇಲೆ ಯೂರಿಯಾ ಕೇಳಿಕೊಂಡು ಯಾರೋ ಬಂದರು.

ಸಂಚಿಕೆಯಲ್ಲಿ ಶೀರ್ಷಿಕೆ ‘ಮುರಿದ ಕಾಲು, ಮುರಿಯದ ಮನಸು’ ಎಂದೇ ಬಂದಿತ್ತು. ಪಕ್ಕದ ಪುಟದಲ್ಲಿ ಮೊಳಕಾಲು ನೋವಿನ ಎಣ್ಣೆಯ ಜಾಹೀರಾತು. ಒಳಗಿನ ಬರಹವನ್ನು ಮಾತ್ರ ಸ್ನೇಹಿತ ಮುಟ್ಟಿರಲಿಲ್ಲ, ಓದಲು ಪುರುಸೊತ್ತಾಗಿರಲಿಲ್ಲವಂತೆ. ರಾತ್ರಿ ಹುಡುಗಿಯ ಫೋನು ಬಂತು.

“ಸಾರ್, ಖಾಲಿ ರೈಡ್ ಅಂತ ಯಾಕೆ ಹಾಕಿದ್ರಿ? ಎರಡನೇದರಲ್ಲಿ ಬೋನಸ್ ತಗೊಂಡ್ನಲ್ಲ.”

“ಅದೂ ಇದೆಯಲ್ಲಮ್ಮ, ಮುಂದಿನ ಸಾಲಲ್ಲೇ.”

“ಅಲ್ಲೀತನಕ ಯಾರು ಓದ್ತಾರೆ ಸಾರ್? ಹೋಗ್ಲಿ ಬಿಡಿ. ಅಮ್ಮ ಮಾತ್ರ ಬೈತಾ ಇದ್ದಾಳೆ. ದಿಂಬಿನ ವಿಷಯ ಊರಿಗೆಲ್ಲ ಯಾಕೆ ಹೇಳ್ಬೇಕಿತ್ತು ಅಂತ. ಎದುರು ಮನೆಯೋರು ಬಂದು ಎಲ್ಲಿಡಬೇಕು ಅಂತ ಕೇಳ್ಕೊಂಡ್ ಹೋದ್ರು, ಅವರ ಮಗನಿಗೂ ಮೊನ್ನೆ ಮಂಡಿ ಊದಿದೆ.”

“ಟಪ್ ಅಂತಂತಾ?”

“ಕೇಳ್ಲಿಲ್ಲ ಸಾರ್. ತಡೀರಿ, ಕೇಳ್ಕೊಂಡ್ ಬತ್ತೀನಿ.”